ಮಗ ಎಷ್ಟು ಎತ್ತರ ಆಗಬಹುದು? ಎಕ್ಸ್‌ರೇ ಇಲ್ಲದೆ ಲೆಕ್ಕ ಹಾಕುವ ಬಗೆ

ಪ್ರಶ್ನೆ: ನನ್ನ ಮಗನಿಗೆ ಈಗಷ್ಟೇ 13 ತುಂಬಿದೆ. ಎತ್ತರ 147 ಸೆಂ.ಮೀ. ತರಗತಿಯಲ್ಲಿ ಅವನೇ ಕುಳ್ಳ. ಹೋದ ವರ್ಷ ನಾಲ್ಕೂವರೆ ಸೆಂ.ಮೀ. ಬೆಳೆದಿದ್ದಾನೆ. 8 ತುಂಬಿದಾಗ 124 ಇದ್ದ. ನಾನು 160, ಅವರಪ್ಪ 174. ಅವರೂ ಕಾಲೇಜಿಗೆ ಹೋದ ಮೇಲೇ ಉದ್ದ ಆದದ್ದಂತೆ. ಮಗನಿಗೆ ಮೀಸೆ ಮೂಡಿಲ್ಲ, ದನಿಯೂ ಒಡೆದಿಲ್ಲ. ಒಂದು ಲೆಕ್ಕ 168 ಅನ್ನುತ್ತೆ, ಇನ್ನೊಂದು 173 ಅನ್ನುತ್ತೆ. ಮೂಳೆಯ ಎಕ್ಸ್‌ರೇ ತೆಗೆಸದೆ ಯಾವುದನ್ನು ನಂಬಲಿ?

ಉತ್ತರ: ನೀವು ಕೊಟ್ಟ ವಿವರ ನೋಡಿದರೆ ನನ್ನ ಅಂದಾಜು 171–172ರ ಆಸುಪಾಸು. ಆದರೆ 166ರಿಂದ 177ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಎಕ್ಸ್‌ರೇ ಇಲ್ಲದೆ ಈ ವಯಸ್ಸಿನಲ್ಲಿ ಇದಕ್ಕಿಂತ ಕಿರಿದಾದ ಅಂತರ ಹೇಳುವ ಲೆಕ್ಕವನ್ನು ನಂಬಬೇಡಿ. ಎರಡು ಲೆಕ್ಕಗಳ ಉತ್ತರ ಬೇರೆ ಬೇರೆ ಬಂದದ್ದೇಕೆ ಅಂತ ಗೊತ್ತಾದರೆ, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಅನ್ನುವುದೂ ತಿಳಿಯುತ್ತದೆ.

173 ಬಂದದ್ದು ಅಪ್ಪ-ಅಮ್ಮನ ಎತ್ತರದಿಂದ. ವಯಸ್ಕ ಗಂಡಸರು ಹೆಂಗಸರಿಗಿಂತ ಸರಾಸರಿ 13 ಸೆಂ.ಮೀ. ಎತ್ತರ. ಹಾಗಾಗಿ ಹುಡುಗನ ಲೆಕ್ಕ ಹಾಕುವಾಗ ಅಮ್ಮನ ಎತ್ತರಕ್ಕೆ 13 ಸೇರಿಸುತ್ತೇವೆ. ನಿಮ್ಮ 160, 173 ಆಯಿತು. ಅದನ್ನು 174ರ ಜೊತೆ ಕೂಡಿಸಿ ಅರ್ಧ ಮಾಡಿದರೆ 173.5. ಹುಡುಗಿಯಾಗಿದ್ದರೆ ಅಪ್ಪನ ಎತ್ತರದಿಂದ 13 ಕಳೆಯಬೇಕಿತ್ತು. ಈ ಲೆಕ್ಕಕ್ಕೆ ನಿಮ್ಮ ಮಗನ ವಿಷಯ ಏನೂ ಗೊತ್ತಿಲ್ಲ, ಅಲ್ವಾ? ಅದೇ ಅಪ್ಪ-ಅಮ್ಮನ ಇಬ್ಬರು ಗಂಡುಮಕ್ಕಳಿಗೂ ಒಂದೇ ಉತ್ತರ. ಅದಕ್ಕೇ ಈ ಸಂಖ್ಯೆಯ ಎರಡೂ ಕಡೆ ಸುಮಾರು 8.5 ಸೆಂ.ಮೀ. ಜಾಗ ಬಿಡುತ್ತಾರೆ. ಅಂದರೆ 165ರಿಂದ 182.

168 ಬಂದದ್ದು ಅವನ ಈಗಿನ ಎತ್ತರದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 13 ತುಂಬಿದ ಹುಡುಗರ ನಡುಮಟ್ಟ 156 ಸೆಂ.ಮೀ. ಅದೇ ವಯಸ್ಸಿನ 100 ಹುಡುಗರನ್ನು ಕುಳ್ಳನಿಂದ ಉದ್ದದವರೆಗೆ ಸಾಲಾಗಿ ನಿಲ್ಲಿಸಿದರೆ, 147 ಇರುವ ಹುಡುಗ ಸುಮಾರು 12ನೆಯವನು. 19 ವರ್ಷಕ್ಕೂ ಅವನು 12ನೆಯವನಾಗಿಯೇ ಉಳಿದರೆ ಎತ್ತರ 168 ಆಗುತ್ತದೆ.

"ಉಳಿದರೆ" ಅನ್ನುವಲ್ಲೇ ತೊಡಕಿರುವುದು. ಸುಮಾರು 3 ವರ್ಷದಿಂದ ಹರೆಯ ಶುರುವಾಗುವ ತನಕ ಮಕ್ಕಳು ಈ ಸಾಲಿನಲ್ಲಿ ತಮ್ಮ ಜಾಗವನ್ನು ಹೆಚ್ಚುಕಡಿಮೆ ಬಿಡುವುದಿಲ್ಲ. ಆಗ ಈ ಲೆಕ್ಕ ಚೆನ್ನಾಗಿಯೇ ಕೆಲಸ ಮಾಡುತ್ತದೆ. 11ರಿಂದ 15ರ ನಡುವೆ ಸಾಲು ಕಲಸಿಹೋಗುತ್ತದೆ. ಹರೆಯ ಬೇಗ ಬಂದವರು ವರ್ಷಕ್ಕೆ 8–10 ಸೆಂ.ಮೀ. ಏರುತ್ತಾರೆ. ತಡವಾಗಿ ಬರುವವರು 4–5ರಲ್ಲೇ ಇರುತ್ತಾರೆ. ಏರಿಕೆಗೆ ಸ್ವಲ್ಪ ಮೊದಲು ಬೆಳವಣಿಗೆ ಇನ್ನೂ ನಿಧಾನ ಆಗುವುದೂ ಉಂಟು. 13ರಲ್ಲಿ ಒಂದೇ ಎತ್ತರದ ಇಬ್ಬರಲ್ಲಿ ಒಬ್ಬನ ಬೆಳವಣಿಗೆ ಅರ್ಧ ಮುಗಿದಿರಬಹುದು, ಇನ್ನೊಬ್ಬನದು ಶುರುವೇ ಆಗದಿರಬಹುದು. ಎಕ್ಸ್‌ರೇ ಹೇಳುವುದೂ ಇದನ್ನೇ. ಎಡಗೈಯ ಮೂಳೆಗಳು ಎಷ್ಟು ಬಲಿತಿವೆ, ಬೆಳೆಯಲು ಇನ್ನೆಷ್ಟು ಬಾಕಿ ಅಂತ ತೋರಿಸುತ್ತದೆ.

ಎಕ್ಸ್‌ರೇ ಬೇಡ ಅಂದರೆ ಆ ಮಾಹಿತಿಯನ್ನು ಬೇರೆ ಕಡೆಯಿಂದ ತರಬೇಕು. ನಿಮ್ಮ ಹತ್ತಿರ ಅದು ಇದೆ, ಪುಣ್ಯಕ್ಕೆ ಹಳೆಯ ಅಳತೆ ಬರೆದಿಟ್ಟಿದ್ದೀರಿ. 8 ವರ್ಷದ ಹುಡುಗರ ನಡುಮಟ್ಟ 127.3. 124 ಇದ್ದ ನಿಮ್ಮ ಮಗ ಆಗ ಸಾಲಿನಲ್ಲಿ ಸುಮಾರು 28ನೆಯವನು. ಆ ಜಾಗವನ್ನು 19 ವರ್ಷಕ್ಕೆ ಒಯ್ದರೆ 172 ಬರುತ್ತದೆ. ಇದು ಹರೆಯದ ಗಲಾಟೆ ಶುರುವಾಗುವ ಮುಂಚಿನ ಅಳತೆ. ಹಾಗಾಗಿ ನಾನು ಇವತ್ತಿನ 147ಕ್ಕಿಂತ ಇದಕ್ಕೆ ಜಾಸ್ತಿ ಬೆಲೆ ಕೊಡುತ್ತೇನೆ. ಅಪ್ಪ-ಅಮ್ಮನ ಲೆಕ್ಕವೂ ಹತ್ತಿರದಲ್ಲೇ ಇದೆ. ಅಪ್ಪನೂ ತಡವಾಗಿ ಬೆಳೆದವರು ಅನ್ನುವುದು ದೊಡ್ಡ ಸುಳಿವು, ಏಕೆಂದರೆ ಈ ತಡ ಮನೆತನದಲ್ಲಿ ಬರುತ್ತದೆ. ನೀವು ಯಾವ ವಯಸ್ಸಿನಲ್ಲಿ ಮುಟ್ಟಾದಿರಿ ಅನ್ನುವುದನ್ನೂ ಇದಕ್ಕೆ ಸೇರಿಸಿ ನೋಡಿ.

ಮೀಸೆ ಇಲ್ಲ, ದನಿ ಒಡೆದಿಲ್ಲ ಅಂದಿರಿ. ಇವು ತಡವಾಗಿ ಬರುವ ಗುರುತುಗಳು. ಹುಡುಗರಲ್ಲಿ ಹರೆಯದ ಮೊದಲ ಗುರುತು ವೃಷಣ ದೊಡ್ಡದಾಗುವುದು. ಅದು ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಮಕ್ಕಳ ವೈದ್ಯರು ಮಣಿಸರದಂಥ ಒಂದು ಅಳತೆ ಹಿಡಿದು ನಿಮಿಷದಲ್ಲಿ ಹೇಳುತ್ತಾರೆ. 4 ಮಿ.ಲೀ. ಮುಟ್ಟಿದರೆ ಹರೆಯ ಶುರುವಾಗಿದೆ ಅಂತ. ಈ ಒಂದು ಪರೀಕ್ಷೆ ಮಾಡಿಸಿ ಅನ್ನುವುದು ನನ್ನ ಸಲಹೆ. 4ಕ್ಕಿಂತ ಕಡಿಮೆ ಇದ್ದರೆ ಇಡೀ ಏರಿಕೆ ಇನ್ನೂ ಮುಂದಿದೆ, 172ರ ಕಡೆ ವಾಲಬಹುದು. ಆಗಲೇ 10–12 ಮಿ.ಲೀ. ಆಗಿದ್ದು ಬೆಳವಣಿಗೆ ನಾಲ್ಕೂವರೆಯಲ್ಲೇ ನಿಂತಿದ್ದರೆ ಲೆಕ್ಕವೇ ಬೇರೆ. ಆಗ 168 ಕೂಡ ಜಾಸ್ತಿ ಆಗಬಹುದು, ಕಾರಣ ಹುಡುಕಬೇಕಾಗುತ್ತದೆ.

ಖಾಮಿಸ್–ರೋಶ್ ಅನ್ನುವ 1994ರ ಸೂತ್ರ ಹೆಚ್ಚು ನಿಖರ ಅಂತ ಕೆಲವರು ಹೇಳಬಹುದು. ಅದು ಎತ್ತರ, ಅಪ್ಪ-ಅಮ್ಮನ ಎತ್ತರದ ಜೊತೆ ತೂಕವನ್ನೂ ಕೇಳುತ್ತದೆ. ಒಳ್ಳೆಯ ಸೂತ್ರವೇ. ಆದರೆ ಅದನ್ನು ಕಟ್ಟಿದ್ದು ಅಮೆರಿಕದ ಓಹಾಯೋದ ಬಿಳಿಯ ಮಕ್ಕಳ ಅಳತೆಗಳಿಂದ. ಹುಡುಗರಲ್ಲಿ ಅರ್ಧದಷ್ಟು ಜನರಿಗೆ ತಪ್ಪು ಸುಮಾರು 2 ಸೆಂ.ಮೀ. ಒಳಗೇ ಇರುತ್ತದೆ, ಕೆಲವರಿಗೆ 5 ದಾಟುತ್ತದೆ. ತಡವಾಗಿ ಬೆಳೆಯುವ ಹುಡುಗನನ್ನು ಅದೂ ಗುರುತಿಸುವುದಿಲ್ಲ. ಅವನ ವಯಸ್ಸು ಅದಕ್ಕೆ ಗೊತ್ತು, ಮೂಳೆಯ ವಯಸ್ಸು ಗೊತ್ತಿಲ್ಲ.

ಲೆಕ್ಕಕ್ಕಿಂತ ಅಳತೆಯೇ ಕೆಡಿಸುವುದು ಜಾಸ್ತಿ. ಈ ವಯಸ್ಸಿನಲ್ಲಿ 1 ಸೆಂ.ಮೀ. ತಪ್ಪಾದರೆ ಉತ್ತರವೂ ಹೆಚ್ಚುಕಡಿಮೆ 1 ಸೆಂ.ಮೀ. ಜಾರುತ್ತದೆ. ಬೆಳಿಗ್ಗೆಗಿಂತ ಸಂಜೆ ಎಲ್ಲರೂ ಸುಮಾರು 1 ಸೆಂ.ಮೀ. ಕುಗ್ಗಿರುತ್ತಾರೆ. ಅಪ್ಪಂದಿರು ಬಾಯಲ್ಲಿ ಹೇಳುವ ಎತ್ತರ ಒಂದೆರಡು ಸೆಂ.ಮೀ. ಜಾಸ್ತಿಯೇ ಇರುತ್ತದೆ. ಅವರನ್ನೂ ಗೋಡೆಗೆ ನಿಲ್ಲಿಸಿ. ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಲಿ, ನೋಟ ನೇರ ಇರಲಿ, ತಲೆಯ ಮೇಲೆ ದಪ್ಪ ಪುಸ್ತಕವನ್ನು ಗೋಡೆಗೆ ಮಟ್ಟವಾಗಿ ಒತ್ತಿ ಗುರುತು ಹಾಕಿ.

ಆರು ತಿಂಗಳು ಬಿಟ್ಟು ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ. ತಿಂಗಳು ತಿಂಗಳೂ ಅಳೆದರೆ ಸಿಗುವುದು ಬೆಳವಣಿಗೆ ಅಲ್ಲ, ಅಳತೆಯ ತಪ್ಪು. 4–5 ಸೆಂ.ಮೀ. ಏರಿದ್ದರೆ ಜಿಗಿತ ಶುರುವಾಗಿದೆ. 2ಕ್ಕಿಂತ ಕಡಿಮೆ ಇದ್ದರೆ, ಅಥವಾ 14 ತುಂಬಿದರೂ ಹರೆಯದ ಯಾವ ಗುರುತೂ ಇಲ್ಲದಿದ್ದರೆ, ಮಕ್ಕಳ ಹಾರ್ಮೋನ್ ತಜ್ಞರ ಹತ್ತಿರ ಹೋಗಿ. ಅವರು ಕೈಯ ಎಕ್ಸ್‌ರೇ ಕೇಳಿದರೆ ಆಗ ಬೇಡ ಅನ್ನಬೇಡಿ. ಅದರ ವಿಕಿರಣ ತೀರಾ ಕಡಿಮೆ. ಹೋಗುವಾಗ ಬರೆದಿಟ್ಟ ಹಳೆಯ ಅಳತೆಗಳನ್ನೆಲ್ಲ ತಾರೀಖು ಸಮೇತ ಒಯ್ಯಿರಿ.