ವಕೀಲರ ಸಲಹಾ ಪತ್ರವನ್ನು ವ್ಯಾಪಾರಿಗೆ ಅರ್ಥವಾಗುವಂತೆ ಬರೆಯೋದು ಹೇಗೆ?

"ನಾನು ಜೂನಿಯರ್ ವಕೀಲೆ. ಸೀನಿಯರ್ ಬರೆದ ಸಲಹಾ ಪತ್ರ ಕಕ್ಷಿದಾರರಿಗೆ ಅರ್ಥವಾಗ್ತಿಲ್ಲ, ದಿನಾ ಫೋನ್ ಮಾಡ್ತಾರೆ. ಹೇಗೆ ತಿದ್ದಲಿ?"

ಮೈಸೂರಿನಲ್ಲಿ ವಕೀಲಿ ಮಾಡುತ್ತೇನೆ. ಕಳೆದ ವರ್ಷ ತಿದ್ದಿದ ಒಂದು ಪತ್ರದ ಕತೆ ಹೇಳುತ್ತೇನೆ.

ಮಂಡ್ಯದ ಬೆಲ್ಲದ ವ್ಯಾಪಾರಿ ಒಬ್ಬರಿಗೆ 6 ಲಕ್ಷದ ಚೆಕ್ ಬೌನ್ಸ್ ಆಗಿತ್ತು. ನಮ್ಮ ಸೀನಿಯರ್ ಬರೆದ ನಾಲ್ಕು ಪುಟದ ಪತ್ರದ ಮೂರನೇ ಪುಟದಲ್ಲಿ 'ಶಾಸನಬದ್ಧ ಕಾಲಮಿತಿಯೊಳಗೆ ತಗಾದೆ ನೋಟಿಸ್ ಜಾರಿ ಮಾಡತಕ್ಕದ್ದು' ಎಂದಿತ್ತು. ಅವರು ಅದನ್ನು ಓದಿ, "ಟೈಮ್ ಇದೆ ಅಲ್ವಾ ಸಾರ್, ಹಬ್ಬ ಕಳೀಲಿ" ಅಂದರು.

ನಾನು ಆ ಸಾಲನ್ನೇ ಮೊದಲಿಗೆ ತಂದೆ: "ಚೆಕ್ ವಾಪಸ್ ಬಂದ ಚೀಟಿಯನ್ನು ಬ್ಯಾಂಕ್ ನಿಮಗೆ ಜೂನ್ 3ರಂದು ಕೊಟ್ಟಿದೆ. ಜುಲೈ 3ರೊಳಗೆ ನೋಟಿಸ್ ಕಳಿಸಲೇಬೇಕು. ಚೆಕ್ಕಿನ 3 ತಿಂಗಳ ಅವಧಿ ಮುಗಿದಿದೆ, ಮತ್ತೆ ಬ್ಯಾಂಕಿಗೆ ಹಾಕೋಕೆ ಆಗಲ್ಲ. ಈ ದಿನ ತಪ್ಪಿದರೆ ಚೆಕ್ ಕೇಸ್ ಇಲ್ಲ, ಸಿವಿಲ್ ದಾವೆ ಮಾತ್ರ ಉಳಿಯುತ್ತೆ." ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಚೆಕ್ ಕೊಟ್ಟವನಿಗೆ 15 ದಿನ. ಕೊಡದಿದ್ದರೆ ನಂತರದ ಒಂದು ತಿಂಗಳಲ್ಲಿ ದೂರು. ದೂರು ತಡವಾದರೆ ಸರಿಯಾದ ಕಾರಣ ತೋರಿಸಿದಾಗ ಕೋರ್ಟು ಮನ್ನಿಸಬಹುದು, ನೋಟಿಸಿಗೆ ಆ ರಿಯಾಯಿತಿ ಇಲ್ಲ. ಹಾಗಾಗಿ ನೋಟಿಸ್ ಕಳಿಸೋದಕ್ಕೆ 'ಬೇಕು', ತಡವಾದ ದೂರನ್ನು ಮನ್ನಿಸೋದಕ್ಕೆ 'ಬಹುದು'. ಸರಳ ಮಾಡುವಾಗ ಜಾಸ್ತಿ ಕೆಡೋದು ಇದೇ ಎರಡು ಪದ.

ಅಪಾಯದ ಭಾಗದಲ್ಲಿ 'ಎದುರುದಾರರು ಪೂರ್ವಭಾವನೆಯನ್ನು ಅಲ್ಲಗಳೆಯುವ ಸಂಭವವಿದೆ' ಅಂತಿತ್ತು. ಅದು ಹೀಗಾಯಿತು: "ಚೆಕ್ ಸಾಲಕ್ಕೇ ಕೊಟ್ಟಿದ್ದು ಅಂತ ಕೋರ್ಟು ಮೊದಲು ನಂಬುತ್ತೆ. ಆದರೆ ಆತ ಅದನ್ನು ಭದ್ರತೆಗೆ ಕೊಟ್ಟಿದ್ದೆ ಅನ್ನಬಹುದು. ಮೂರು ಲೋಡಿನಲ್ಲಿ ಎರಡಕ್ಕೆ ಮಾತ್ರ ಆತನ ಸಹಿ ಇರೋ ರಸೀದಿ ನಿಮ್ಮ ಬಳಿ ಇದೆ. ಮೂರನೆಯದು ಹುಡುಕಿ." ಅಪಾಯ ಅನ್ನೋದು ಅವರೇ ಮಾಡಬಹುದಾದ ಒಂದು ಕೆಲಸವಾಗಿ ಮುಗಿದರೆ ದಿನಾ ಫೋನ್ ಬರಲ್ಲ.

ದಾರಿಗಳು ಮೂರು. ಚೆಕ್ ಕೇಸ್ ಒತ್ತಡ ತರುತ್ತೆ, ಆದರೆ ಹಣ ಯಾವಾಗ ಕೈಗೆ ಬರುತ್ತೆ ಅನ್ನೋ ಖಾತ್ರಿಯಿಲ್ಲ. ಎರಡನೆಯದು ವಾಣಿಜ್ಯ ದಾವೆ. 3 ಲಕ್ಷಕ್ಕಿಂತ ಕಮ್ಮಿ ಇಲ್ಲದ ವ್ಯಾಪಾರದ ಬಾಕಿಗೆ ಇದು ನಡೆಯುತ್ತೆ. ತುರ್ತು ಆದೇಶ ಬೇಡದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ಮೂರನೆಯದು ಕೂತು ಮಾತಾಡಿ ಕಮ್ಮಿಗೆ ಮುಗಿಸೋದು. ಸೀನಿಯರ್ ಯಾವುದು ಒಳ್ಳೇದು ಅಂತ ಹೇಳಿರಲಿಲ್ಲ. ಅವರನ್ನು ಕೇಳಿ "ನಮ್ಮ ಸಲಹೆ: ಮೊದಲು ನೋಟಿಸ್, ಆಮೇಲೆ ಮಾತು" ಎಂದು ಸೇರಿಸಿದೆ.

ಖರ್ಚಿಗೆ ಒಂದೇ ಮೊತ್ತ ಬರೆಯಬೇಡಿ. ಈಗ ಕೊಡೋದು, ದಾವೆ ಹಾಕೋ ದಿನ ಕೋರ್ಟ್ ಫೀ ಅಂತ ಕೊಡೋದು, ವಾಯಿದೆ ವಾಯಿದೆಗೆ ಕೊಡೋದು ಬೇರೆ ಬೇರೆ ಇರಲಿ. ಅಂದಾಜಿಗೆ ಅಂದಾಜು ಅಂತಲೇ ಬರೆಯಿರಿ. ಕಲಂ ಸಂಖ್ಯೆಗಳು ಕೊನೆಯ ಒಂದು ಸಾಲಿಗೆ ಹೋಗಲಿ, ಬೇರೆ ವಕೀಲರು ನೋಡಿದರೆ ಬೇಕಾಗುತ್ತೆ.

ಕಳಿಸುವ ಮುಂಚೆ ಸೀನಿಯರ್ ಸಹಿ ಹಾಕಲಿ. ಕಳಿಸಿದ ಮೇಲೆ ನಾನು ಆ ವ್ಯಾಪಾರಿಗೆ ಫೋನ್ ಮಾಡಿ "ಜುಲೈ 3 ದಾಟಿದರೆ ಏನಾಗುತ್ತೆ?" ಅಂತ ಕೇಳಿದೆ. "ನೋಟಿಸ್ ಬಿಟ್ಟುಹೋಗುತ್ತೆ, ಚೆಕ್ ಕೇಸೂ ಹೋಗುತ್ತೆ ಸಾರ್" ಅಂದರು. ಮೂರನೇ ರಸೀದಿ ಆಗಲೇ ಸಿಕ್ಕಿತ್ತಂತೆ, ಲಾರಿ ಡ್ರೈವರ್ ಹತ್ತಿರ.