ಕಾರವಾರದ ಭಾನುವಾರದ ಸಂತೆಯಲ್ಲಿ ಯಾವಾಗ ಯಾವ ತರಕಾರಿ ಅಗ್ಗ?

ಪ್ರಶ್ನೆ: ಮೈಸೂರಿನಿಂದ ಕಾರವಾರಕ್ಕೆ ವರ್ಗವಾಗಿ ಬಂದಿದ್ದೇವೆ, ಮನೆಯಲ್ಲಿ ನಾಲ್ಕು ಜನ. ವಾರದ ತರಕಾರಿ ಖರ್ಚು ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳಿಲ್ಲ. ಯಾವ ಕಾಲಕ್ಕೆ ಯಾವುದು ಅಗ್ಗ, ಯಾವುದು ಚೆನ್ನಾಗಿರುತ್ತದೆ ಎಂದು ತಿಳಿಯುವುದು ಹೇಗೆ?

ಉತ್ತರ:

ಮೊದಲು ಒಂದು ವಿಷಯ ಗಮನಿಸಿ. ಭಾನುವಾರದ ಸಂತೆಗೆ ತರಕಾರಿ ಎರಡು ಕಡೆಯಿಂದ ಬರುತ್ತದೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಲಾರಿಯಲ್ಲಿ ಇಳಿಯುವುದು ಘಟ್ಟದ ಮಾಲು. ಅಂಕೋಲಾ, ಗೋಕರ್ಣದ ಕಡೆಯಿಂದ ಹೆಂಗಸರು ಬುಟ್ಟಿಯಲ್ಲಿ ತರುವುದು ಊರಿನ ಮಾಲು. ಎರಡರ ಹಂಗಾಮೂ ಬೇರೆ, ಬೆಲೆ ಏರುವ ಕಾರಣವೂ ಬೇರೆ. ಗುರುತು ಹಿಡಿಯುವುದು ಸುಲಭ. ಊರಿನವರ ಮುಂದೆ ಮೂರ್ನಾಲ್ಕು ಬಗೆ ಮಾತ್ರ ಇರುತ್ತದೆ, ಒಂದೇ ಗಾತ್ರದ್ದಿರುವುದಿಲ್ಲ, ತೊಟ್ಟು ಇನ್ನೂ ಹಸಿರಾಗಿರುತ್ತದೆ. ಎಷ್ಟೋ ಸಲ ತಕ್ಕಡಿಯೂ ಇರುವುದಿಲ್ಲ, ಕಟ್ಟು ಅಥವಾ ಪಾಲಿನ ಲೆಕ್ಕ. ಅನುಮಾನ ಬಂದರೆ "ಊರಿಂದಾ, ಘಟ್ಟದ್ದಾ?" ಎಂದು ಕೇಳಿಬಿಡಿ.

ವರ್ಷದಲ್ಲಿ ಕೈ ಸುಡುವುದು ಜೂನ್ ಮತ್ತು ಜುಲೈ ಮೊದಲರ್ಧ. ಬೇಸಿಗೆಯ ಬೆಳೆ ಮುಗಿದಿರುತ್ತದೆ. ಮೊದಲ ಮಳೆಗೆ ಹಾಕಿದ ಹೀರೆ, ಬೆಂಡೆ, ಸೌತೆ ಗಿಡಬಳ್ಳಿಗಳು ಕಾಯಿ ಬಿಡಲು ಒಂದೂವರೆ ಎರಡು ತಿಂಗಳು ಬೇಕು. ಘಟ್ಟದ ಮೇಲೂ ಟೊಮೇಟೊ ತುಟ್ಟಿಯಾಗುವುದು ಇದೇ ಹೊತ್ತಿಗೆ, ಅದರ ಮೇಲೆ ಹುಬ್ಬಳ್ಳಿ ದಾರಿಯ ಅರಬೈಲ್ ಘಟ್ಟದಲ್ಲಿ ಮಣ್ಣು ಕುಸಿದರೆ ಗಾಡಿಯೇ ಇಳಿಯುವುದಿಲ್ಲ. ಇಳಿದ ಕೊತ್ತಂಬರಿ, ಮೆಂತ್ಯ ದಾರಿಯಲ್ಲೇ ನೀರು ಕುಡಿದು ಕೊಳೆಯಲು ಶುರುವಾಗಿರುತ್ತದೆ. ಕಟ್ಟು ಬಿಚ್ಚಿ ನಡುವಿನ ಎಲೆ ಮುಟ್ಟಿ ನೋಡಿ, ಲೋಳೆಯಾಗಿದ್ದರೆ ಅಗ್ಗಕ್ಕೆ ಸಿಕ್ಕರೂ ಬೇಡ.

ಈ ಒಂದೂವರೆ ತಿಂಗಳನ್ನು ಇಲ್ಲಿಯವರು ದಾಟುವುದು ಏಪ್ರಿಲ್, ಮೇ ತಿಂಗಳ ಖರೀದಿಯಿಂದ. ಬೇಸಿಗೆಯಲ್ಲಿ ಕುಮಟಾ ಹತ್ತಿರ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ನೋಡಿರಬಹುದು. ಕುತ್ತಿಗೆ ಪೂರ್ತಿ ಒಣಗಿದ ಜಡೆ ಆರಿಸಿ, ಮನೆಯಲ್ಲೂ ಜಡೆ ಬಿಚ್ಚದೆ ಗಾಳಿಯಾಡುವ ಕಡೆ ತೂಗಿಸಿ. ಕುತ್ತಿಗೆ ಮೆತ್ತಗಿದ್ದದ್ದು ಮಳೆ ಹಿಡಿದ ಕೂಡಲೇ ಕೊಳೆಯುತ್ತದೆ. ಬಲಿತ ಮೊಗೆಕಾಯಿಯನ್ನೂ ಹೀಗೇ ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುತ್ತಾರೆ. ಸಿಪ್ಪೆಗೆ ಗಾಯವಿರದಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಫ್ಲ್ಯಾಟಿನಲ್ಲಿ ಜಂತಿ ಎಲ್ಲಿಂದ ತರಲಿ ಎನ್ನಬೇಡಿ, ಕಿಟಕಿಯ ಸರಳೂ ಆದೀತು, ಇರಿಚಲು ಬೀಳದಿದ್ದರೆ ಸರಿ.

ಈಗ ಒಂದು ವಾರದ ಲೆಕ್ಕ ಹಾಕೋಣ. ಜುಲೈ ಮೊದಲ ಭಾನುವಾರ ಟೊಮೇಟೊ ಕಿಲೋಗೆ 80 ರೂಪಾಯಿ ಅಂದುಕೊಳ್ಳಿ. ನಿಮ್ಮ ಮನೆಗೆ ವಾರಕ್ಕೆ ಎರಡು ಕಿಲೋ ಬೇಕೆಂದರೆ ಅದೊಂದಕ್ಕೇ 160. ಸಾರು, ಹುಳಿಗೆ ಟೊಮೇಟೊ ಬೇಕಿರುವುದು ಹುಳಿಗಾಗಿ ತಾನೇ? ಅದಕ್ಕೆ ಬೇಸಿಗೆಯಲ್ಲಿ ಒಣಗಿಸಿದ ಮುರುಗಲು ಸಿಪ್ಪೆ ಅಥವಾ ಹುಣಸೆ ಹಾಕಿ, ಮಳೆಗಾಲ ಮುಂದುವರಿದಂತೆ ಅಂಬಟೆಕಾಯಿಯೂ ಸಿಗುತ್ತದೆ. ಟೊಮೇಟೊ ಅರ್ಧ ಕಿಲೋ ಸಾಕು, 40 ರೂಪಾಯಿ. ಉಳಿದ 120ರಲ್ಲಿ ಕೆಸುವಿನ ಎಲೆ, ತಗಟೆ ಸೊಪ್ಪು, ಬಂದಿದ್ದರೆ ಕಳಲೆ ತನ್ನಿ. ಮಳೆಗೆ ತಾನಾಗಿ ಚಿಗುರುವ ಇವು ಆಗಲೇ ಎಳೆಯದಾಗಿರುತ್ತವೆ. ಕೆಸುವಿಗೆ ಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದೆ. ಕಳಲೆಯನ್ನು ಹೆಚ್ಚಿ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಲೇಬೇಕು, ಹಸಿಯಾಗಿ ಅದು ವಿಷ.

ಆಗಸ್ಟಿನಲ್ಲಿ ಊರಿನ ಹೀರೆ, ಬೆಂಡೆ, ಪಡವಲ ಒಟ್ಟಿಗೇ ಬರುತ್ತವೆ. ಆದರೆ ಶ್ರಾವಣಕ್ಕೆ ಮೀನು ಬಿಟ್ಟವರೆಲ್ಲ ತರಕಾರಿಗೆ ತಿರುಗುತ್ತಾರೆ, ಚೌತಿಗೆ ಗಣಪತಿಯ ಮೇಲೆ ತೂಗುವ ಫಲಾವಳಿ ಕಟ್ಟಲು ಎಲ್ಲರಿಗೂ ಕಾಯಿ ಬೇಕು. ಹಬ್ಬದ ಹಿಂದಿನ ಎರಡು ದಿನ ಸಂತೆಗೆ ಹೋಗಲೇಬೇಡಿ. ಕುಂಬಳ, ಬಲಿತ ಸೌತೆಯಂಥ ಕೆಡದೆ ತಡೆಯುವ ಕಾಯಿ ಅದಕ್ಕೆ ಮೊದಲೇ ತಂದಿಡಿ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಹರಿವೆ, ಮೂಲಂಗಿ, ಬದನೆ, ಗೆಣಸು. ಘಟ್ಟದಿಂದ ಹೂಕೋಸು, ಗಜ್ಜರಿ, ಬಟಾಣಿ. ಬಟಾಣಿಗೆ ಮಾತ್ರ ಸಿಪ್ಪೆಯ ಲೆಕ್ಕ ಹಿಡಿಯಿರಿ: ಕಿಲೋ 40 ಅಂದರೆ ಬಿಡಿಸಿದ ಮೇಲೆ ಅರ್ಧ ಕಿಲೋ, ಅಂದರೆ ಕಾಳಿನ ಬೆಲೆ 80. ಅದೇ ಬಟಾಣಿ ಮಳೆಗಾಲದಲ್ಲಿ ಕಿಲೋ 120 ಇದ್ದರೆ ನೀವು ಕಾಳಿಗೆ ಕೊಡುತ್ತಿರುವುದು 240. ಆಗ ಒಣ ಬಟಾಣಿ ನೆನೆಹಾಕುವುದೇ ವಾಸಿ.

ಇನ್ನು ಸಂಜೆ ಹೋದರೆ ಅಗ್ಗ ಎನ್ನುವ ಮಾತು ಘಟ್ಟದ ಎಲೆಕೋಸು, ಬಟಾಟೆಗೆ ನಿಜ. ಊರಿನ ಬಸಳೆ, ಹರಿವೆಗೆ ಬೆಳಿಗ್ಗೆಯೇ ಹೋಗಬೇಕು. ಸಂಜೆಗೆ ಬುಟ್ಟಿಯಲ್ಲಿ ಉಳಿಯುವುದು ಬೇರೆಯವರು ಆರಿಸಿ ಬಿಟ್ಟದ್ದು.