ಆ ಸಹಿ ಹಾಕೋದನ್ನು ಮೊದಲು ನಿಲ್ಲಿಸು

“ಅಕ್ಕಾ, ನಾನು ತೀರ್ಥಹಳ್ಳಿ ಕಡೆಯವಳು. ಅಡಿಕೆಯ ಎಲೆಚುಕ್ಕೆ ರೋಗದ ಮೇಲೆ ಪಿಎಚ್‌ಡಿ, ಮೂರನೇ ವರ್ಷ. ಸ್ಯಾಂಪಲ್ ತಂದಿದ್ದು, ಪೇಪರ್ ಬರೆದಿದ್ದು ನಾನು. ಗೈಡ್ ನನ್ನ ಹೆಸರನ್ನು ಮೂರನೆಯದಾಗಿ ಹಾಕಿ ಲ್ಯಾಬ್‌ನ ಸೀನಿಯರ್ ಅಣ್ಣನದನ್ನು ಮೊದಲು ಹಾಕಿದ್ದಾರೆ. ಅವರಿಗೆ ಕೆಲಸದ ಅರ್ಜಿಗೆ ಬೇಕಂತೆ. ಪೇಪರ್ ಇನ್ನೂ ಜರ್ನಲ್‌ಗೆ ಹೋಗಿಲ್ಲ. ಕೇಳಿದ್ದಕ್ಕೆ ಸರ್ ಮಾತು ಬಿಟ್ಟಿದ್ದಾರೆ. ಸಂಶೋಧನಾ ಸಲಹಾ ಸಮಿತಿ, ಅಂದರೆ ಆರ್‌ಎಸಿಯ ಮೀಟಿಂಗೂ ಆಗಲ್ಲ, ಹಾಳೆಗೆ ಸಹಿ ಹಾಕಿಸ್ಕೋತಾರೆ ಅಷ್ಟೇ, ಅದಿರಲಿ. ಗೈಡ್ ಬದಲಾಯಿಸಲಾ?”

ಅದಿರಲಿ ಅಂತ ಬಿಟ್ಟೆಯಲ್ಲ ತಂಗಿ, ನಾನು ಅಲ್ಲೇ ನಿಂತುಬಿಟ್ಟೆ.

ಯುಜಿಸಿಯ 2022ರ ನಿಯಮದ ಪ್ರಕಾರ ನೀನು ಪ್ರತಿ ಸೆಮಿಸ್ಟರ್ ಆ ಸಮಿತಿಯ ಮುಂದೆ ನಿಂತು ಕೆಲಸ ತೋರಿಸಬೇಕು. ಸಮಿತಿಯ ಶಿಫಾರಸಿನ ಪ್ರತಿ ನಿನ್ನ ಕೈಗೂ ಬರಬೇಕು. ನೀನು ಆಗದ ಮೀಟಿಂಗ್‌ಗೆ ಸಹಿ ಹಾಕುತ್ತಾ ಬಂದಿದ್ದೀಯ. ಅಂದರೆ ಮಳೆಯಲ್ಲಿ ಇಂಬಳ ಕಚ್ಚಿಸ್ಕೊಂಡು ತೋಟ ತಿರುಗಿ ಎಲೆ ತಂದವಳು ನೀನು ಅನ್ನೋದಕ್ಕೆ ಇವತ್ತು ಒಬ್ಬರೇ ಸಾಕ್ಷಿ, ಅವರೂ ಮಾತು ಬಿಟ್ಟಿದ್ದಾರೆ. ಮೀಟಿಂಗ್ ಆಗಿದ್ದರೆ ನಿನ್ನ ಸ್ಲೈಡ್‌ಗಳನ್ನು ಇನ್ನೂ ಒಂದಿಬ್ಬರು ಮೇಷ್ಟ್ರು ನೋಡಿರುತ್ತಿದ್ದರು, ತಾರೀಕಿನ ಸಮೇತ. ನಾನೂ ಹಿಂದೆ ಹಾಗೆ ಓದದೇ ಸಹಿ ಹಾಕಿದವಳೇ, ಅದಕ್ಕೇ ಇಷ್ಟು ಕೋಪ.

ಸರ್ ಮೇಲೆ ನನಗೆ ಅರ್ಧ ಕೋಪ. ಉಳಿದದ್ದೆಲ್ಲ ಆ ಸೀನಿಯರ್ ಅಣ್ಣನ ಮೇಲೆ. ಸ್ಯಾಂಪಲ್ ಮುಟ್ಟಿಲ್ಲ, ಒಂದು ಸಾಲು ಬರೆದಿಲ್ಲ ಅಂತಾದರೆ ಮೊದಲ ಹೆಸರು ಹಾಗಿರಲಿ, ಲೇಖಕರ ಪಟ್ಟಿಯಲ್ಲೇ ಅವನಿಗೆ ಜಾಗವಿಲ್ಲ. ಕೆಲಸ ಬೇಕು ಅನ್ನೋದು ಅದಕ್ಕೆ ಕಾರಣವೇ ಅಲ್ಲ. ವೈದ್ಯಕೀಯ ಜರ್ನಲ್ ಸಂಪಾದಕರ ಸಮಿತಿಯ ನಿಯಮವನ್ನು ಬೇರೆ ವಿಷಯದ ಎಷ್ಟೋ ಜರ್ನಲ್‌ಗಳೂ ಒಪ್ಪುತ್ತವೆ. ಅದರಲ್ಲಿ ದುಡ್ಡು ತಂದದ್ದು, ಸುಮ್ನೆ ಮೇಲ್ವಿಚಾರಣೆ ಮಾಡಿದ್ದು ಕೂಡ ಲೇಖಕತ್ವಕ್ಕೆ ಸಾಲದು. ಆದರೆ ಹೆಸರಿನ ಕ್ರಮವನ್ನು ಲೇಖಕರೇ ಕೂತು ತೀರ್ಮಾನಿಸಬೇಕು, ಜರ್ನಲ್ ಪಂಚಾಯ್ತಿ ಮಾಡಲ್ಲ. ಪೇಪರ್ ಒಮ್ಮೆ ಹೋದಮೇಲೆ ಕ್ರಮ ಬದಲಿಸೋಕೆ ಸಾಮಾನ್ಯವಾಗಿ ಎಲ್ಲ ಲೇಖಕರ ಒಪ್ಪಿಗೆ ಕೇಳುತ್ತಾರೆ. ಆ ಅಣ್ಣ ಕೊಡ್ತಾನಾ? ಹಾಗಾಗಿ ಇನ್ನೂ ಕಳಿಸಿಲ್ಲ ಅನ್ನೋದೇ ನಿನಗೆ ಅನುಕೂಲ.

ಗೈಡ್ ಬದಲಾವಣೆ ಈಗ ಬೇಡ. ಮೂರನೇ ವರ್ಷದಲ್ಲಿ ಬದಲಾಯಿಸಿದರೆ ವಿಷಯ, ಲ್ಯಾಬ್, ಅಲ್ಲಿರೋ ಶಿಲೀಂಧ್ರದ ಕಲ್ಚರ್ ಎಲ್ಲ ಕೈತಪ್ಪಬಹುದು. ಹೊಸ ಗೈಡ್ ಬಳಿ ಸೀಟೂ ಖಾಲಿ ಇರಬೇಕು, ಸಹಾಯಕ ಪ್ರಾಧ್ಯಾಪಕರಿಗೆ ಒಂದು ಹೊತ್ತಿಗೆ 4 ಜನ ಮಾತ್ರ. ಕೆಳಗೆ ಹೇಳೋ ಇಮೇಲ್ ಬರೆದ ಮೇಲೂ ಮೀಟಿಂಗ್ ಕರೆಯಲಿಲ್ಲ, ಇಲ್ಲವೇ ನಿನ್ನನ್ನು ಬಿಟ್ಟು ಪೇಪರ್ ಕಳಿಸಿದರು ಅಂದರೆ ಆಗ ಬದಲಾವಣೆ ಕೇಳು. ಆಗ ತೋರಿಸೋಕೆ ಕೈಯಲ್ಲಿ ಕಾಗದ ಇರುತ್ತೆ.

ಈಗ ಮಾಡಬೇಕಾದ್ದು ಒಂದೇ. ಈ ವಾರ ಒಂದು ಇಮೇಲ್. ಆರ್‌ಎಸಿಗೆ ಸಂಚಾಲಕರು ನಿನ್ನ ಗೈಡೇ, ಅದಕ್ಕೆ ಅವರಿಗೇ ಬರೆದು, ಸಮಿತಿಯ ಉಳಿದವರಿಗೂ ವಿಭಾಗದ ಅಧ್ಯಕ್ಷರಿಗೂ ಪ್ರತಿ ಹಾಕು. ದೂರು ಬೇಡ, ಹೆಸರಿನ ಜಗಳವೂ ಬೇಡ. “ಸರ್, ಈ ಸೆಮಿಸ್ಟರ್‌ನ ಕೆಲಸವನ್ನೂ ಪೇಪರ್‌ನ ಕರಡನ್ನೂ ಸಮಿತಿಯ ಮುಂದೆ ಮಂಡಿಸಬೇಕು, ದಯವಿಟ್ಟು ತಾರೀಕು ಕೊಡಿ” ಅಂತ ಇಷ್ಟೇ. ಯಾವ ತೋಟದಿಂದ ಯಾವತ್ತು ಎಲೆ ತಂದೆ ಅನ್ನೋ ನೋಟ್‌ಬುಕ್ ಪುಟಗಳ ಫೋಟೋ ಲಗತ್ತಿಸು.